ಒಂದು ರೂಪಾಯಿ ಟ್ರಯಲ್‌ಗೆ ಪಿನ್ ಒತ್ತುವಾಗ ಒಪ್ಪಿಕೊಳ್ಳುವುದು ಏನನ್ನು? ಯುಪಿಐ ಆಟೋಪೇ ಮಾರ್ಗದರ್ಶಿ

ಅರಸೀಕೆರೆಯಲ್ಲಿರುವ ನಮ್ಮ ಚಿಕ್ಕಮ್ಮ ಡಿಸೆಂಬರ್ ತಿಂಗಳಲ್ಲಿ ಒಂದು ಸಂಜೆ ಫೋನ್ ಮಾಡಿದರು. "ನನ್ನ ಖಾತೆಯಿಂದ ಮತ್ತೆ 199 ರೂಪಾಯಿ ಹೋಗಿದೆ ಕಣೋ. ಆ ಆಪ್ ಅನ್ನೇ ತೆಗೆದುಹಾಕಿದ್ದೀನಿ, ಆದರೂ ಹೇಗೆ ಹೋಗುತ್ತೆ?" ಅಂತ ಕೇಳಿದರು. ನವೆಂಬರ್ 3ರಂದು ಅವರು ಕಥೆ ಕೇಳುವ ಒಂದು ಆಪ್ ಹಾಕಿಕೊಂಡಿದ್ದರು. "1 ರೂಪಾಯಿಗೆ 7 ದಿನ" ಅಂತ ದೊಡ್ಡ ಅಕ್ಷರದಲ್ಲಿತ್ತು. ಬಟನ್ ಒತ್ತಿದರು, ಯುಪಿಐ ಪಿನ್ ಹಾಕಿದರು, 1 ರೂಪಾಯಿ ಹೋಯಿತು. ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದರು.

ಆದರೆ ಅವರು ಪಿನ್ ಹಾಕಿದ್ದು ಆ 1 ರೂಪಾಯಿಗೆ ಮಾತ್ರ ಅಲ್ಲ. ಮುಂದೆ ತಿಂಗಳು ತಿಂಗಳೂ ಹಣ ತೆಗೆದುಕೊಳ್ಳಲು ಕಂಪನಿಗೆ ಕೊಟ್ಟ ಅನುಮತಿಗೂ ಅದೇ ಪಿನ್ ಸಹಿಯಾಯಿತು. ಈ ಅನುಮತಿಯನ್ನೇ ಮ್ಯಾಂಡೇಟ್ ಅನ್ನುತ್ತಾರೆ. ಯುಪಿಐನಲ್ಲಿ ಹೀಗೆ ತಾನಾಗಿ ಹಣ ಹೋಗುವ ಸೌಲಭ್ಯದ ಹೆಸರು ಆಟೋಪೇ. ಇದು ಹೇಗೆ ಕೆಲಸ ಮಾಡುತ್ತದೆ, ಒಪ್ಪುವಾಗ ಏನು ನೋಡಬೇಕು, ಬೇಡವಾದಾಗ ಹೇಗೆ ನಿಲ್ಲಿಸಬೇಕು ಅನ್ನುವುದನ್ನು ಚಿಕ್ಕಮ್ಮನ ಪ್ರಸಂಗ ಇಟ್ಟುಕೊಂಡೇ ಹೇಳುತ್ತೇನೆ.

## ಹಣ ಕಳಿಸುವುದಲ್ಲ, ಕೇಳಿ ಪಡೆಯುವುದು

ಅಂಗಡಿಯಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡಿದಾಗ ಹಣ ಕಳಿಸುವವರು ನೀವು. ಪ್ರತಿ ಸಲವೂ ಮೊತ್ತ ನೋಡುತ್ತೀರಿ, ಪಿನ್ ಹಾಕುತ್ತೀರಿ. ಮ್ಯಾಂಡೇಟ್‌ನಲ್ಲಿ ಇದು ತಿರುಗುಮುರುಗು. ನೀವು ಒಂದೇ ಸಲ ಪಿನ್ ಹಾಕುತ್ತೀರಿ. ಆಮೇಲೆ ಕಂತಿನ ದಿನ ಬಂದಾಗ ಕಂಪನಿಯೇ "ಇಷ್ಟು ಹಣ ಬೇಕು" ಅಂತ ಬೇಡಿಕೆ ಕಳಿಸುತ್ತದೆ. ಆ ಬೇಡಿಕೆ ಕಂಪನಿಯ ಪರವಾಗಿ ಹಣ ಪಡೆಯುವ ಪೇಮೆಂಟ್ ಗೇಟ್‌ವೇಯಿಂದ ಯುಪಿಐ ನಡೆಸುವ ಸಂಸ್ಥೆಯಾದ ಎನ್‌ಪಿಸಿಐಗೆ, ಅಲ್ಲಿಂದ ನಿಮ್ಮ ಬ್ಯಾಂಕಿಗೆ ಹೋಗುತ್ತದೆ. ನೀವು ಮೊದಲು ಒಪ್ಪಿದ ಷರತ್ತಿಗೆ ಅದು ಹೊಂದುತ್ತದೆಯೇ ಅಂತ ತಾಳೆ ನೋಡಿ ಹಣ ಬಿಡುಗಡೆ ಮಾಡುತ್ತಾರೆ. ಆ ಹೊತ್ತಿಗೆ ನೀವು ನಿದ್ದೆಯಲ್ಲಿರಬಹುದು, ಫೋನ್ ಸ್ವಿಚ್ ಆಫ್ ಆಗಿರಬಹುದು. ಏನೂ ವ್ಯತ್ಯಾಸ ಆಗುವುದಿಲ್ಲ.

ಚಿಕ್ಕಮ್ಮನ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಮ್ಯಾಂಡೇಟ್ ಇರುವುದು ಕಥೆಯ ಆಪ್‌ನಲ್ಲಿ ಅಲ್ಲ, ನಿಮ್ಮ ಫೋನಿನಲ್ಲೂ ಅಲ್ಲ. ಅದು ಯುಪಿಐ ವ್ಯವಸ್ಥೆಯಲ್ಲಿ ನಿಮ್ಮ ಬ್ಯಾಂಕ್ ಖಾತೆಗೆ ಜೋಡಣೆಯಾಗಿ ದಾಖಲಾಗಿರುತ್ತದೆ. ಪ್ರತಿ ಮ್ಯಾಂಡೇಟ್‌ಗೂ `UMN` ಅನ್ನುವ ಒಂದು ಪ್ರತ್ಯೇಕ ಸಂಖ್ಯೆ ಇರುತ್ತದೆ. ಆಪ್ ಅಳಿಸಿದರೆ ನಿಮ್ಮ ಪರದೆಯಿಂದ ಚಿತ್ರ ಹೋಗುತ್ತದೆ, ಅಷ್ಟೇ. ದಾಖಲೆ ಇದ್ದಲ್ಲೇ ಇರುತ್ತದೆ.

ಈ ಸೌಲಭ್ಯ ಸುಮ್ನೆ ಬಂದದ್ದಲ್ಲ, ಅದಕ್ಕೆ ನಿಯಮಗಳಿವೆ. ರಿಸರ್ವ್ ಬ್ಯಾಂಕ್ 2019ರ ಆಗಸ್ಟ್‌ನಲ್ಲಿ ಮೊದಲು ಕಾರ್ಡ್‌ಗಳಿಗೆ ಇ-ಮ್ಯಾಂಡೇಟ್ ನಿಯಮ ಮಾಡಿತು. 2020ರ ಜನವರಿಯಲ್ಲಿ ಅದನ್ನು ಯುಪಿಐಗೂ ವಿಸ್ತರಿಸಿತು. ಅದೇ ವರ್ಷ ಜುಲೈನಲ್ಲಿ ಎನ್‌ಪಿಸಿಐ ಯುಪಿಐ ಆಟೋಪೇ ಶುರು ಮಾಡಿತು. ಪಿನ್ ಇಲ್ಲದೆ ತೆಗೆದುಕೊಳ್ಳಬಹುದಾದ ಮೊತ್ತ ಮೊದಲು 2,000 ರೂಪಾಯಿ ಇತ್ತು. ಆಮೇಲೆ 5,000 ಆಯಿತು. 2022ರ ಜೂನ್‌ನಿಂದ 15,000 ಆಗಿದೆ. ಮ್ಯೂಚುವಲ್ ಫಂಡ್, ವಿಮೆ ಕಂತು, ಕ್ರೆಡಿಟ್ ಕಾರ್ಡ್ ಬಿಲ್ ಈ ಮೂರಕ್ಕೆ ಮಾತ್ರ 2023ರ ಡಿಸೆಂಬರ್‌ನಲ್ಲಿ 1 ಲಕ್ಷಕ್ಕೆ ಏರಿಸಿದರು. ಈ ಮಿತಿ ದಾಟಿದರೆ ಪ್ರತಿ ಕಂತಿಗೂ ನಿಮ್ಮ ಪಿನ್ ಬೇಕೇ ಬೇಕು. ಸಿನಿಮಾ, ಹಾಡು, ಪತ್ರಿಕೆ ಇಂಥ ಚಂದಾಗಳೆಲ್ಲ 15,000ದ ಒಳಗೇ ಇರುವುದರಿಂದ, ಮೊದಲ ಪಿನ್ನೇ ನಿಮ್ಮ ಏಕೈಕ ಪಿನ್ ಅಂತ ತಿಳಿದುಕೊಳ್ಳಿ.

## ಒಪ್ಪುವ ಮುನ್ನ ಓದಬೇಕಾದ ಪರದೆ

ಚಂದಾ ಆಪ್‌ನಲ್ಲಿ ಪ್ಲಾನ್ ಆರಿಸಿ, ಯುಪಿಐ ಅಂತ ಒತ್ತಿದ ಕೂಡಲೇ ನಿಮ್ಮ ಯುಪಿಐ ಆಪ್ ತೆರೆಯುತ್ತದೆ. ಅಲ್ಲಿ ಎಂದಿನ ಪಾವತಿ ಪರದೆ ಇರುವುದಿಲ್ಲ. `Autopay` ಅಥವಾ `Mandate` ಅನ್ನುವ ಪದ ಎಲ್ಲೋ ಒಂದು ಕಡೆ ಕಾಣುತ್ತದೆ. ಆ ಪದ ಕಂಡರೆ ಬೆರಳು ನಿಲ್ಲಿಸಿ. ಕೆಲವು ಆಪ್‌ಗಳಲ್ಲಿ ಪೂರ್ತಿ ವಿವರ ನೋಡಲು ಒಂದು ಬಾಣದ ಗುರುತು ಒತ್ತಬೇಕಾಗುತ್ತದೆ. ಒತ್ತಿ ಬಿಡಿಸಿ ನೋಡಿ.

ಚಿಕ್ಕಮ್ಮನ ಫೋನಿನಲ್ಲಿ ಆ ಮ್ಯಾಂಡೇಟ್ ತೆಗೆದು ನೋಡಿದಾಗ ವಿವರ ಹೀಗಿತ್ತು: ಗರಿಷ್ಠ ಮೊತ್ತ 499 ರೂಪಾಯಿ, ಎಷ್ಟು ದಿನಕ್ಕೊಮ್ಮೆ ಅನ್ನುವಲ್ಲಿ `As presented`, ಶುರು ನವೆಂಬರ್ 3, ಕೊನೆ ಸುಮಾರು ಹತ್ತು ವರ್ಷದ ನಂತರದ ಒಂದು ತಾರೀಖು. ಆದರೆ ಆಪ್‌ನ ಜಾಹೀರಾತಿನಲ್ಲಿ ಇದ್ದದ್ದು "ತಿಂಗಳಿಗೆ 199". ಎರಡಕ್ಕೂ ಎಷ್ಟು ಅಂತರ ನೋಡಿ. ಒಂದೊಂದೇ ಸಾಲು ಬಿಡಿಸೋಣ.

ಮೊತ್ತ. ಇದು ಎರಡು ಬಗೆ. ಒಂದು ನಿಗದಿ ಮೊತ್ತ. ಅದಕ್ಕಿಂತ ಒಂದು ರೂಪಾಯಿ ಹೆಚ್ಚೂ ತೆಗೆಯುವಂತಿಲ್ಲ, ಕಡಿಮೆಯೂ ಇಲ್ಲ. ಇನ್ನೊಂದು ಗರಿಷ್ಠ ಮೊತ್ತ. ಪರದೆಯಲ್ಲಿ `Up to` ಅಥವಾ `Max` ಅಂತ ಇರುತ್ತದೆ. ಆ ಮೊತ್ತದ ಒಳಗೆ ಎಷ್ಟು ಬೇಕಾದರೂ ಕೇಳಬಹುದು. ಕರೆಂಟ್ ಬಿಲ್ ಥರ ತಿಂಗಳು ತಿಂಗಳೂ ಬದಲಾಗುವ ಪಾವತಿಗೆ ಗರಿಷ್ಠ ಮೊತ್ತವೇ ಸರಿ. ಆದರೆ ನಿಗದಿತ ದರದ ಚಂದಾಕ್ಕೆ ದುಪ್ಪಟ್ಟಿಗಿಂತ ಜಾಸ್ತಿ ಗರಿಷ್ಠ ಮೊತ್ತ ಯಾಕೆ ಬೇಕು? ಮುಂದೆ ದರ ಏರಿಸಿದಾಗ ನಿಮ್ಮ ಹತ್ತಿರ ಮತ್ತೆ ಪಿನ್ ಕೇಳುವ ಅಗತ್ಯ ಬರಬಾರದು ಅಂತ. ಚಿಕ್ಕಮ್ಮನ ಆ ಕಂಪನಿ ನಾಳೆ ದರವನ್ನು 399 ಮಾಡಿದರೂ ಹಳೆಯ ಒಪ್ಪಿಗೆಯೇ ಸಾಕಾಗುತ್ತಿತ್ತು. 499 ದಾಟಿದರೆ ಮಾತ್ರ ಹೊಸ ಒಪ್ಪಿಗೆ ಬೇಕು. ಇನ್ನೊಂದು ಮಾತು: ಈ 499 ಒಟ್ಟು ಮೊತ್ತದ ಮಿತಿ ಅಂತ ತುಂಬಾ ಜನ ತಿಳಿದಿರುತ್ತಾರೆ. ಅಲ್ಲ. ಅದು ಪ್ರತಿ ಸಲದ ಮಿತಿ.

ಎಷ್ಟು ದಿನಕ್ಕೊಮ್ಮೆ. ದಿನ, ವಾರ, ತಿಂಗಳು, ಮೂರು ತಿಂಗಳು, ವರ್ಷ ಹೀಗೆ ಹಲವು ಆಯ್ಕೆಗಳಿವೆ. `Monthly` ಅಂತಿದ್ದರೆ ಒಂದು ತಿಂಗಳಲ್ಲಿ ಒಂದೇ ಸಲ ಹಣ ತೆಗೆಯಬಹುದು. `As presented` ಅಂದರೆ ಕಂಪನಿ ಯಾವಾಗ ಬೇಡಿಕೆ ಕಳಿಸುತ್ತದೋ ಆವಾಗ. ಅಲ್ಲಿ ತಿಂಗಳಿಗೆ ಒಂದೇ ಸಲ ಅನ್ನುವ ಕಟ್ಟುಪಾಡು ಮ್ಯಾಂಡೇಟ್‌ನಲ್ಲಿ ಇರುವುದಿಲ್ಲ. ಟ್ರಯಲ್ ಮುಗಿದು ಏಳನೇ ದಿನಕ್ಕೆ ಒಂದು ಕಂತು, ಆಮೇಲೆ ತಿಂಗಳಿಗೊಂದು ಕಂತು ಅನ್ನುವ ಲೆಕ್ಕ `Monthly` ಚೌಕಟ್ಟಿಗೆ ಸರಿಯಾಗಿ ಕೂರುವುದಿಲ್ಲ. ಅದಕ್ಕಾಗಿಯೂ ಕೆಲವು ಕಂಪನಿಗಳು ಇದನ್ನು ಬಳಸುತ್ತವೆ. ಹಾಗಾಗಿ ಇದು ಕಂಡ ತಕ್ಷಣ ಮೋಸ ಅಂತ ನಾನು ಹೇಳುವುದಿಲ್ಲ. ಆದರೆ ಜಾಸ್ತಿ ಗರಿಷ್ಠ ಮೊತ್ತ ಮತ್ತು `As presented` ಎರಡೂ ಒಟ್ಟಿಗೆ ಕಂಡರೆ, ಪರಿಚಯವಿಲ್ಲದ ಕಂಪನಿಗೆ ನಾನು ಪಿನ್ ಹಾಕುವುದಿಲ್ಲ.

ಕೊನೆಯ ತಾರೀಖು. ಇದನ್ನು ಯಾರೂ ನೋಡುವುದೇ ಇಲ್ಲ. ಹತ್ತು, ಇಪ್ಪತ್ತು, ಮೂವತ್ತು ವರ್ಷಗಳ ನಂತರದ ತಾರೀಖು ಇರುವುದು ಸಾಮಾನ್ಯ. ನೀವು ಒಂದು ವರ್ಷದ ಮಟ್ಟಿಗೆ ಚಂದಾ ತೆಗೆದುಕೊಂಡೆ ಅಂದುಕೊಂಡಿದ್ದರೂ ಅನುಮತಿ ಆ ತಾರೀಖಿನವರೆಗೂ ಬದುಕಿರುತ್ತದೆ.

ಹೆಸರು. ಆಪ್‌ನ ಹೆಸರೇ ಇಲ್ಲಿ ಇರಬೇಕೆಂದಿಲ್ಲ. ಅದರ ಹಿಂದಿನ ಕಂಪನಿಯ ಹೆಸರು ಇರಬಹುದು. ಪ್ಲೇ ಸ್ಟೋರ್ ಮೂಲಕ ಚಂದಾ ಮಾಡಿದ್ದರೆ ಗೂಗಲ್ ಹೆಸರು ಇರುತ್ತದೆ. ಆಮೇಲೆ ಪಟ್ಟಿ ನೋಡುವಾಗ "ಇದ್ಯಾರು?" ಅಂತ ಗೊಂದಲ ಆಗದಿರಲು ಈ ಪರದೆಯ ಒಂದು ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಮುಂದೆ ದೂರು ಕೊಡಬೇಕಾಗಿ ಬಂದರೂ ಅದು ಕೆಲಸಕ್ಕೆ ಬರುತ್ತದೆ.

ಈ ನಾಲ್ಕೂ ಒಪ್ಪಿಗೆಯಾದರೆ ಪಿನ್ ಹಾಕಿ. ಒಂದು ಒಪ್ಪಿಗೆಯಾಗದಿದ್ದರೂ ಹಿಂದೆ ಬನ್ನಿ. ಎಷ್ಟೋ ಸೇವೆಗಳಲ್ಲಿ ಆಟೋಪೇ ಇಲ್ಲದೆ ಒಂದು ತಿಂಗಳಿಗೆ ಅಥವಾ ಒಂದು ವರ್ಷಕ್ಕೆ ಮಾತ್ರ ಕಟ್ಟುವ ದಾರಿಯೂ ಇರುತ್ತದೆ. ಅದನ್ನು ಸ್ವಲ್ಪ ಕೆಳಗೆ ಸಣ್ಣ ಅಕ್ಷರದಲ್ಲಿ ಇಟ್ಟಿರುತ್ತಾರೆ.

ನೀವು ಏನೂ ಒತ್ತದೇ ಇದ್ದರೂ ಕೆಲವೊಮ್ಮೆ ಯುಪಿಐ ಆಪ್‌ಗೆ ಮ್ಯಾಂಡೇಟ್ ಕೋರಿಕೆ ತಾನಾಗಿ ಬರುತ್ತದೆ. "ರೀಫಂಡ್ ಬರುತ್ತೆ, ಅಪ್ರೂವ್ ಮಾಡಿ" ಅಂತ ಫೋನ್‌ನಲ್ಲಿ ಯಾರೋ ಹೇಳುತ್ತಿರುತ್ತಾರೆ. ಹಣ ಪಡೆಯಲು ಪಿನ್ ಬೇಕಾಗಿಲ್ಲ, ಅಲ್ವಾ? `Decline` ಒತ್ತಿ, ಫೋನ್ ಇಟ್ಟುಬಿಡಿ.

## ಒಂದು ದಿನ ಮೊದಲು ಬರುವ ಮೆಸೇಜ್

ನಿಯಮದ ಪ್ರಕಾರ ಪ್ರತಿ ಕಂತು ತೆಗೆಯುವ ಕನಿಷ್ಠ 24 ಗಂಟೆ ಮೊದಲು ನಿಮಗೆ ಸೂಚನೆ ಬರಬೇಕು. ಅದರಲ್ಲಿ ಕಂಪನಿಯ ಹೆಸರು, ಮೊತ್ತ, ಹಣ ತೆಗೆಯುವ ದಿನ, ಕಾರಣ, ಒಂದು ರೆಫರೆನ್ಸ್ ಸಂಖ್ಯೆ ಇರಬೇಕು. ಹಣ ಹೋದ ಮೇಲೆ ಇನ್ನೊಂದು ಸೂಚನೆ ಬರಬೇಕು. ಫಾಸ್ಟ್‌ಟ್ಯಾಗ್‌ಗೆ ಮತ್ತು ಮೆಟ್ರೋದಲ್ಲಿ ಬಳಸುವ ಎನ್‌ಸಿಎಂಸಿ ಕಾರ್ಡ್‌ಗೆ ತಾನಾಗಿ ಹಣ ತುಂಬುವ ಮ್ಯಾಂಡೇಟ್‌ಗಳಿಗೆ ಮಾತ್ರ 2024ರಲ್ಲಿ ಈ ಮುನ್ಸೂಚನೆಯಿಂದ ವಿನಾಯಿತಿ ಕೊಟ್ಟಿದ್ದಾರೆ. ಟೋಲ್ ಗೇಟ್ ಹತ್ತಿರ ಬ್ಯಾಲೆನ್ಸ್ ಮುಗಿದರೆ 24 ಗಂಟೆ ಕಾಯುವುದು ಆಗದ ಮಾತು ತಾನೇ.

ಚಿಕ್ಕಮ್ಮನಿಗೂ ನವೆಂಬರ್ 9ರ ಬೆಳಿಗ್ಗೆ ಮೆಸೇಜ್ ಬಂದಿತ್ತು. ಡಿಸೆಂಬರ್ 9ಕ್ಕೂ ಬಂದಿತ್ತು. ಎರಡನ್ನೂ ಅವರು ನೋಡಿರಲಿಲ್ಲ. ಸಾಲದ ಜಾಹೀರಾತು, ರೀಚಾರ್ಜ್ ಆಫರ್‌ಗಳ ನಡುವೆ ಅವು ಹೂತುಹೋಗಿದ್ದವು. ಇದರಲ್ಲಿ ಅವರ ತಪ್ಪು ಏನಿದೆ ಅಂತ ನನಗೆ ಈಗಲೂ ಅನಿಸುತ್ತದೆ. ಮೆಸೇಜ್ ಬಾಕ್ಸ್‌ನಲ್ಲಿ `mandate` ಅಥವಾ `autopay` ಅಂತ ಹುಡುಕಿದೆವು. ಎರಡೂ ಒಂದೇ ಕ್ಷಣದಲ್ಲಿ ಸಿಕ್ಕವು. ಮನೆಯಲ್ಲಿ ಹಿರಿಯರಿದ್ದರೆ ಅವರ ಫೋನಿನಲ್ಲಿ ನೀವೂ ತಿಂಗಳಿಗೊಮ್ಮೆ ಹೀಗೆ ಹುಡುಕಿ ನೋಡಿ.

ಮೆಸೇಜ್ ಬಂದ ದಿನವೇ ನಿರ್ಧಾರ ಮಾಡಬೇಕು. ಯಾಕೆ ಅಂದರೆ, 2025ರ ಆಗಸ್ಟ್‌ನಿಂದ ಆಟೋಪೇ ಕಂತುಗಳನ್ನು ದಟ್ಟಣೆ ಕಡಿಮೆ ಇರುವ ಹೊತ್ತಿನಲ್ಲಿ ಮಾತ್ರ ತೆಗೆಯುತ್ತಾರೆ. ಅಂದರೆ ಬೆಳಿಗ್ಗೆ 10ಕ್ಕೆ ಮುಂಚೆ, ಮಧ್ಯಾಹ್ನ 1ರಿಂದ 5ರ ನಡುವೆ, ಇಲ್ಲವೇ ರಾತ್ರಿ 9.30ರ ಮೇಲೆ. "10ನೇ ತಾರೀಖು ತೆಗೆಯುತ್ತೇವೆ" ಅಂತ ಮೆಸೇಜ್ ಇದ್ದರೆ, ನೀವು 10ರ ಬೆಳಿಗ್ಗೆ ಕಾಫಿ ಕುಡಿಯುವ ಹೊತ್ತಿಗೆ ಹಣ ಹೋಗಿರಬಹುದು. 9ರಂದೇ ನಿಲ್ಲಿಸಿ.

ಖಾತೆಯಲ್ಲಿ ಹಣ ಇಲ್ಲದಿದ್ದರೆ ಬಚಾವ್ ಅಂತಲೂ ತಿಳಿಯಬೇಡಿ. ಮೊದಲ ಯತ್ನ ವಿಫಲವಾದರೆ ಇನ್ನೂ ಮೂರು ಸಲ ಯತ್ನಿಸಲು ಅವಕಾಶ ಇದೆ. ಡಿಸೆಂಬರ್ 10ರ ಬೆಳಿಗ್ಗೆ ಚಿಕ್ಕಮ್ಮನ ಖಾತೆಯಲ್ಲಿ ಇದ್ದದ್ದು 140 ರೂಪಾಯಿ. ಮೊದಲ ಯತ್ನ ಬಿದ್ದುಹೋಯಿತು. ಮಧ್ಯಾಹ್ನ ಅವರ ಮಗಳು 2,000 ರೂಪಾಯಿ ಕಳಿಸಿದಳು. ಮೂರು ಗಂಟೆ ಹೊತ್ತಿಗೆ 199 ಹೋಯಿತು. "ಮಗಳು ಕಳಿಸಿದ್ದು ಇವರಿಗೆ ಹೇಗೆ ಗೊತ್ತಾಯ್ತು?" ಅಂತ ಅವರು ಗಾಬರಿಯಾಗಿದ್ದರು. ಯಾರಿಗೂ ಗೊತ್ತಾಗಿಲ್ಲ. ಅದು ಮರುಯತ್ನ, ಅಷ್ಟೇ.

## ನಿಲ್ಲಿಸುವುದು: ಎರಡು ಕಡೆ, ಎರಡು ಕೆಲಸ

ಇಲ್ಲಿ ಬಹಳ ಜನ ಅರ್ಧ ಕೆಲಸ ಮಾಡಿ ಬಿಡುತ್ತಾರೆ. ಚಂದಾ ಒಂದು, ಮ್ಯಾಂಡೇಟ್ ಇನ್ನೊಂದು. ಚಂದಾ ಅಂದರೆ ನಿಮಗೂ ಕಂಪನಿಗೂ ಇರುವ ವ್ಯವಹಾರ. ಮ್ಯಾಂಡೇಟ್ ಅಂದರೆ ಹಣ ತೆಗೆಯುವ ಅನುಮತಿ. ಚಂದಾ ಮಾತ್ರ ರದ್ದು ಮಾಡಿದರೆ ಅನುಮತಿ ಹಾಗೇ ಉಳಿದಿರಬಹುದು. ಮ್ಯಾಂಡೇಟ್ ಮಾತ್ರ ರದ್ದು ಮಾಡಿದರೆ ಹಣ ಹೋಗುವುದು ನಿಲ್ಲುತ್ತದೆ, ಆದರೆ ಕಂಪನಿಯ ಪುಸ್ತಕದಲ್ಲಿ ನೀವು ಇನ್ನೂ ಚಂದಾದಾರರೇ. ಸಿನಿಮಾ ಆಪ್‌ಗೆ ಇದರಿಂದ ತೊಂದರೆ ಇಲ್ಲ. ವಿಮೆ ಕಂತಾದರೆ ಪಾಲಿಸಿಯೇ ಬಿದ್ದುಹೋಗುತ್ತದೆ. ಸಾಲದ ಕಂತಾದರೆ ಬಾಕಿ ಏರುತ್ತದೆ. ಅವುಗಳ ಮ್ಯಾಂಡೇಟ್ ಮುಟ್ಟುವ ಮೊದಲು ಬೇರೆ ಪಾವತಿಯ ದಾರಿ ಮಾಡಿಕೊಳ್ಳಿ.

ಚಿಕ್ಕಮ್ಮನ ಫೋನಿನಲ್ಲಿ ನಾವು ಮಾಡಿದ್ದು ಹೀಗೆ. ಮೊದಲು ಕಥೆಯ ಆಪ್ ಅನ್ನು ಮತ್ತೆ ಹಾಕಿಕೊಂಡು, ಅದೇ ನಂಬರಿನಿಂದ ಲಾಗಿನ್ ಆಗಿ, ಖಾತೆಯ ಪುಟದಲ್ಲಿ ಚಂದಾ ರದ್ದು ಮಾಡಿದೆವು. ಆ ಬಟನ್ ಸಿಗಲು ಐದು ಪರದೆ ದಾಟಬೇಕಾಯಿತು. ರದ್ದಾದ ಪುಟದ ಸ್ಕ್ರೀನ್‌ಶಾಟ್ ತೆಗೆದುಕೊಂಡೆವು.

ಆಮೇಲೆ ಅವರು ಪಿನ್ ಹಾಕಿದ್ದ ಯುಪಿಐ ಆಪ್ ತೆರೆದೆವು. ಮೇಲಿನ ಮೂಲೆಯ ಪ್ರೊಫೈಲ್ ಚಿತ್ರ ಒತ್ತಿದರೆ `Autopay` ಅನ್ನುವ ಸಾಲು ಸಿಗುತ್ತದೆ. ಕೆಲವು ಆಪ್‌ಗಳಲ್ಲಿ ಇದರ ಹೆಸರು `Mandates` ಅಥವಾ `Automatic Payments` ಅಂತ ಸ್ವಲ್ಪ ಬೇರೆ ಇರುತ್ತದೆ. ಅಲ್ಲಿ ಚಾಲ್ತಿಯಲ್ಲಿರುವ ಮ್ಯಾಂಡೇಟ್‌ಗಳ ಪಟ್ಟಿ ಇದೆ. ಬೇಡವಾದದ್ದನ್ನು ತೆರೆದರೆ ಎರಡು ಬಟನ್ ಕಾಣಬಹುದು. `Pause` ಒತ್ತಿದರೆ ತಾತ್ಕಾಲಿಕವಾಗಿ ನಿಲ್ಲುತ್ತದೆ, ಅನುಮತಿ ಉಳಿದಿರುತ್ತದೆ. `Cancel` ಅಥವಾ `Revoke` ಒತ್ತಿದರೆ ಅನುಮತಿಯೇ ಹೋಗುತ್ತದೆ. ನಮಗೆ ಬೇಕಿದ್ದದ್ದು ಎರಡನೆಯದು. ಮತ್ತೆ ಪಿನ್ ಕೇಳಿತು. ಚಿಕ್ಕಮ್ಮ "ಇದಕ್ಕೂ ದುಡ್ಡು ಹೋಗುತ್ತಾ?" ಅಂತ ತಡೆದರು. ಹೋಗುವುದಿಲ್ಲ. ನಿಲ್ಲಿಸುತ್ತಿರುವುದು ಖಾತೆಯವರೇ ಅಂತ ಖಚಿತಪಡಿಸಲು ಕೇಳುವ ಪಿನ್ ಅದು. ಮ್ಯಾಂಡೇಟ್ ಸೌಲಭ್ಯಕ್ಕೆ ಗ್ರಾಹಕರಿಂದ ಶುಲ್ಕ ತೆಗೆದುಕೊಳ್ಳಬಾರದು ಅಂತಲೇ ನಿಯಮ ಇದೆ. ಪಿನ್ ಹಾಕಿದ ಮೇಲೆ ಪಟ್ಟಿಯಲ್ಲಿ ಅದರ ಸ್ಥಿತಿ ಬದಲಾಯಿತೇ ಅಂತ ನೋಡಿ, ರದ್ದಾದ ಮೆಸೇಜ್ ಬರುವವರೆಗೆ ಕಾಯಿರಿ. "ಪ್ರಕ್ರಿಯೆಯಲ್ಲಿದೆ" ಅಂತ ಬಂದರೆ ಅದು ರದ್ದಾಗಿಲ್ಲ ಅಂತಲೇ ಅರ್ಥ.

ನೀವು ಎರಡು ಮೂರು ಯುಪಿಐ ಆಪ್ ಬಳಸುತ್ತಿದ್ದರೆ ಎಲ್ಲದರಲ್ಲೂ ಈ ಪಟ್ಟಿ ನೋಡಿ. ಯಾವ ಆಪ್‌ನಲ್ಲಿ ಪಿನ್ ಹಾಕಿದ್ದಿರೋ ಅದರಲ್ಲಿ ಖಂಡಿತ ಸಿಗುತ್ತದೆ. ಪ್ಲೇ ಸ್ಟೋರ್ ಮೂಲಕ ಮಾಡಿದ ಚಂದಾ ಆದರೆ ಪ್ಲೇ ಸ್ಟೋರ್‌ನಲ್ಲೇ ಪ್ರೊಫೈಲ್ ಒತ್ತಿ, `Payments & subscriptions` ಒಳಗೆ ರದ್ದು ಮಾಡಬೇಕು.

ಕಾರ್ಡ್ ಮೇಲೆ ಮಾಡಿದ ಮ್ಯಾಂಡೇಟ್ ಯುಪಿಐ ಆಪ್‌ನಲ್ಲಿ ಕಾಣುವುದಿಲ್ಲ. ನಿಯಮ ಎರಡಕ್ಕೂ ಹೆಚ್ಚುಕಡಿಮೆ ಒಂದೇ, ಪಿನ್ ಬದಲು ಮೊದಲ ಸಲ ಒಟಿಪಿ ಕೇಳುತ್ತಾರೆ. ಆ ಪಟ್ಟಿಯನ್ನು ಕಾರ್ಡ್ ಕೊಟ್ಟ ಬ್ಯಾಂಕಿನ ಆಪ್ ಅಥವಾ ನೆಟ್‌ಬ್ಯಾಂಕಿಂಗ್‌ನಲ್ಲಿ ಹುಡುಕಬೇಕು. ಮುನ್ಸೂಚನೆಯ ಮೆಸೇಜ್‌ನಲ್ಲಿ ಕೂಡ ಅದರ ಲಿಂಕ್ ಇರುತ್ತದೆ. ಆದರೆ ನಾನು ಮೆಸೇಜ್‌ನ ಲಿಂಕ್ ಒತ್ತುವುದಿಲ್ಲ, ಬ್ಯಾಂಕಿನ ಆಪ್ ಮೂಲಕವೇ ಹೋಗುತ್ತೇನೆ. ಅದೇ ಥರದ ನಕಲಿ ಮೆಸೇಜ್ ಮಾಡುವುದು ಕಷ್ಟವೇನಲ್ಲ.

## ಹೋದ ಹಣ

ಒಪ್ಪಿದ ಷರತ್ತಿನೊಳಗೇ ಹಣ ಹೋಗಿದ್ದು, ಮುನ್ಸೂಚನೆಯೂ ಬಂದಿದ್ದರೆ ಬ್ಯಾಂಕ್ ಅದನ್ನು ವಾಪಸ್ ಕೊಡಿಸುವುದು ಕಷ್ಟ. ಆಗ ಕೇಳಬೇಕಾದದ್ದು ಕಂಪನಿಯನ್ನೇ. ಚಿಕ್ಕಮ್ಮನ ಪರವಾಗಿ ನಾನು ಮೇಲ್ ಬರೆದೆ. ನವೆಂಬರ್ ಕೊನೆಯಿಂದ ಆಪ್ ಬಳಸಿಲ್ಲ ಅಂತ ತಿಳಿಸಿ, ಎರಡೂ ಪಾವತಿಯ ರೆಫರೆನ್ಸ್ ಸಂಖ್ಯೆ ಕೊಟ್ಟು, ಸ್ಕ್ರೀನ್‌ಶಾಟ್ ಲಗತ್ತಿಸಿದೆ. ಮೊದಲ 199 ಕೊಡಲು ಅವರು ಒಪ್ಪಲಿಲ್ಲ. ಎರಡನೆಯದು 12 ದಿನಕ್ಕೆ ಬಂತು.

ಕಂಪನಿ ಉತ್ತರವನ್ನೇ ಕೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ರದ್ದು ಮಾಡುವುದನ್ನು ಬೇಕೆಂದೇ ಕಷ್ಟ ಮಾಡುವುದು, ಉಚಿತ ಟ್ರಯಲ್‌ಗೇ ಆಟೋಪೇ ಒಪ್ಪಿಗೆ ಕಡ್ಡಾಯ ಮಾಡುವುದು ಇವನ್ನೆಲ್ಲ ಕೇಂದ್ರ ಸರ್ಕಾರ 2023ರ ನವೆಂಬರ್‌ನ ಮಾರ್ಗಸೂಚಿಯಲ್ಲಿ "ಚಂದಾ ಬಲೆ" ಅಂತ ಹೆಸರಿಸಿ ನಿಷೇಧಿಸಿದೆ. ದೂರಿನಲ್ಲಿ ಆ ಮಾತು ಬಳಸಿ.

ಗರಿಷ್ಠ ಮೊತ್ತ ಮೀರಿ ಹಣ ಹೋಗಿದ್ದರೆ, ಮುನ್ಸೂಚನೆ ಬಂದೇ ಇಲ್ಲದಿದ್ದರೆ, ರದ್ದಾದ ಮೇಲೂ ಕಂತು ತೆಗೆದಿದ್ದರೆ, ಅಥವಾ ಆ ಮ್ಯಾಂಡೇಟ್ ಅನ್ನು ನೀವು ಒಪ್ಪಿಯೇ ಇಲ್ಲದಿದ್ದರೆ ಮಾತು ಬೇರೆ. ಆಗ ಯುಪಿಐ ಆಪ್‌ನಲ್ಲಿ ಆ ಪಾವತಿಯನ್ನು ತೆರೆದು ದೂರು ದಾಖಲಿಸಿ, ಬ್ಯಾಂಕಿಗೂ ಲಿಖಿತವಾಗಿ ಕೊಡಿ. `UMN` ಸಂಖ್ಯೆ ತಪ್ಪದೆ ಬರೆಯಿರಿ. ಒಪ್ಪದೇ ಇರುವ ವ್ಯವಹಾರವಾದರೆ ತಡ ಮಾಡಬೇಡಿ. ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಹಣ ವಾಪಸ್ ಕೇಳುವ ನಿಮ್ಮ ಹಕ್ಕು ಗಟ್ಟಿಯಾಗಿರುತ್ತದೆ. 30 ದಿನದಲ್ಲಿ ಬ್ಯಾಂಕ್ ಪರಿಹಾರ ಕೊಡದಿದ್ದರೆ `cms.rbi.org.in` ನಲ್ಲಿ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಅದಕ್ಕೆ ವಕೀಲರೂ ಬೇಡ, ಶುಲ್ಕವೂ ಇಲ್ಲ.

ಅವತ್ತು ಚಿಕ್ಕಮ್ಮನ ಪಟ್ಟಿಯಲ್ಲಿ ಇನ್ನೂ ಎರಡು ಮ್ಯಾಂಡೇಟ್ ಇದ್ದವು. ಒಂದು ಅವರಿಗೆ ಬೇಕಾದ ಮೊಬೈಲ್ ರೀಚಾರ್ಜ್, ಅದನ್ನು ಹಾಗೇ ಬಿಟ್ಟೆವು. ಇನ್ನೊಂದು ಎರಡು ವರ್ಷದ ಹಿಂದೆ ಮೊಮ್ಮಗ ಹಾಕಿದ ಆಟದ ಆಪ್‌ನದು, ಗರಿಷ್ಠ 999 ರೂಪಾಯಿ. ಅದರಿಂದ ಇನ್ನೂ ಒಂದು ಪೈಸೆಯೂ ಹೋಗಿರಲಿಲ್ಲ. ಅದನ್ನು ಅವರೇ ತೆರೆದು, ಅವರೇ ಪಿನ್ ಹಾಕಿ ರದ್ದು ಮಾಡಿದರು.